ಕಬ್ಬಿಣದ ಮಾತ್ರೆಯ ಪಯಣ

ಸರ್ಕಾರಿ ಶಾಲೆಗಳಲ್ಲಿ ವಾರಕ್ಕೊಮ್ಮೆ, ಸಾಮಾನ್ಯವಾಗಿ ಸೋಮವಾರ, ಮಧ್ಯಾಹ್ನದ ಊಟವಾದ ಮೇಲೆ ವಿದ್ಯಾರ್ಥಿಗಳಿಗೆ ಒಂದು ನೀಲಿ ಮಾತ್ರೆಯನ್ನು ಕೊಡುವರು. ಸಕ್ಕರೆಯ ಲೇಪವುಳ್ಳ ಈ ಪುಟ್ಟ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣವೂ ಅತ್ಯಲ್ಪ ಪ್ರಮಾಣದಲ್ಲಿ ಫೋಲಿಕ್ ಆಮ್ಲವೂ ಇರುತ್ತವೆ. ಗರ್ಭಿಣಿಯರಿಗೆ ಕೊಡುವ ಮಾತ್ರೆಯ ಬಣ್ಣ ಕೆಂಪು. ಅದರಲ್ಲಿರುವ ಕಬ್ಬಿಣವೂ ಅಷ್ಟೇ. ಆದರೆ ಅವರು ಅದನ್ನು ನಾಲ್ಕನೆಯ ತಿಂಗಳಿನಿಂದ ಮೊದಲುಗೊಂಡು ಪ್ರತಿದಿನವೂ ಸೇವಿಸಬೇಕು. ರಕ್ತಹೀನತೆಯನ್ನು ತಡೆಯುವುದಕ್ಕಾಗಿ ಇಂತಹ ಮಾತ್ರೆಗಳನ್ನು ಹಂಚುವ ಕಾರ್ಯ ನಮ್ಮ ದೇಶದಲ್ಲಿ 1970ರಲ್ಲಿಯೇ ಆರಂಭವಾಯಿತು. ಹೀಗೆ ಕೈಸೇರಿದ ಮಾತ್ರೆಗಳಲ್ಲಿ ಅನೇಕವು ಬಾಯಿಯನ್ನು ಸೇರದೆ ಕಿಟಕಿಯ ಹೊರಗೋ ಗೂಡಿನ ಮೂಲೆಯಲ್ಲೋ ಬಿದ್ದಿರುತ್ತವೆ. ಬಾಯಿಯನ್ನು ಸೇರಿದವುಗಳಲ್ಲಿಯೂ ಕೆಲವು ರಕ್ತವನ್ನು ಸೇರುವುದಿಲ್ಲ.

ಮಾತ್ರೆಯಲ್ಲಿರುವ ಕಬ್ಬಿಣ ಎಲ್ಲಿಗೆ ಹೋಗುತ್ತದೆ? ಒಂದು ಸರಳವಾದ ಲೆಕ್ಕದಿಂದ ಇದನ್ನು ತಿಳಿಯಬಹುದು. ಹದಿನಾಲ್ಕು ವರ್ಷದ ಒಬ್ಬ ಹುಡುಗಿಯ ತೂಕ 40 ಕಿಲೋಗ್ರಾಂ ಎಂದು ಇಟ್ಟುಕೊಳ್ಳೋಣ. ಅವಳ ಮೈಯಲ್ಲಿ ಸುಮಾರು ಎರಡೂವರೆ ಲೀಟರ್ ರಕ್ತವಿರುತ್ತದೆ. ರಕ್ತಕ್ಕೆ ಕೆಂಪು ಬಣ್ಣವನ್ನೂ, ಆಮ್ಲಜನಕವನ್ನು ಹೊತ್ತೊಯ್ಯುವ ಶಕ್ತಿಯನ್ನೂ ಕೊಡುವ ವಸ್ತು ಹಿಮೋಗ್ಲೋಬಿನ್. ಈ ವಯಸ್ಸಿನ ಹುಡುಗಿಯರಲ್ಲಿ ಪ್ರತಿ 100 ಮಿಲಿಲೀಟರ್ ರಕ್ತಕ್ಕೆ ಅದು 12 ಗ್ರಾಮಿಗೆ ಕಡಿಮೆಯಿರಬಾರದು. ನಮ್ಮ ಹುಡುಗಿಯಲ್ಲಿ ಅದು 9.6 ಗ್ರಾಂ ಮಾತ್ರ ಇದೆ. ಕೊರತೆ 2.4 ಗ್ರಾಂ. ಎರಡೂವರೆ ಲೀಟರ್ ಎಂದರೆ ಇಪ್ಪತ್ತೈದು ನೂರು ಮಿಲಿಲೀಟರ್. ಆದುದರಿಂದ ಅವಳ ಒಟ್ಟು ಕೊರತೆ 60 ಗ್ರಾಂ ಹಿಮೋಗ್ಲೋಬಿನ್. ಒಂದು ಗ್ರಾಂ ಹಿಮೋಗ್ಲೋಬಿನ್ನಿನಲ್ಲಿ 3.4 ಮಿಲಿಗ್ರಾಂ ಕಬ್ಬಿಣವಿರುತ್ತದೆ. ಎಂದಮೇಲೆ ಅವಳ ರಕ್ತ ಬೇಡುತ್ತಿರುವ ಕಬ್ಬಿಣ ಸುಮಾರು 200 ಮಿಲಿಗ್ರಾಂ.

ಒಂದು ಮಾತ್ರೆಯಲ್ಲಿ 60 ಮಿಲಿಗ್ರಾಂ ಇರುವುದಾದರೆ ನಾಲ್ಕು ಮಾತ್ರೆಗಳು ಸಾಕಲ್ಲವೆ? ಆದರೆ ವೈದ್ಯರು ಇಂತಹ ಹುಡುಗಿಗೆ ದಿನಕ್ಕೆ ಎರಡು ಮಾತ್ರೆಗಳಂತೆ ಮೂರು ತಿಂಗಳು, ಅಂದರೆ 180 ಮಾತ್ರೆಗಳನ್ನು ಬರೆದುಕೊಡುತ್ತಾರೆ. ಕಾರಣ, ನುಂಗಿದ ಕಬ್ಬಿಣದಲ್ಲಿ ಹತ್ತರಲ್ಲಿ ಒಂದು ಪಾಲು, ಹೆಚ್ಚೆಂದರೆ ಎರಡು ಪಾಲು ಮಾತ್ರ ಕರುಳಿನ ಗೋಡೆಯನ್ನು ದಾಟಿ ರಕ್ತವನ್ನು ಸೇರುತ್ತದೆ. ಇದಲ್ಲದೆ ಬೆಳೆಯುವ ಮೈಗೆ ಪ್ರತಿದಿನ ಒಂದಿಷ್ಟು ಕಬ್ಬಿಣ ಬೇಕು. ಮುಟ್ಟಿನಲ್ಲಿ ತಿಂಗಳಿಗೊಮ್ಮೆ ಒಂದಿಷ್ಟು ಹೊರಗೆ ಹೋಗುತ್ತದೆ. ಬರಿದಾಗಿರುವ ಯಕೃತ್ತಿನ ದಾಸ್ತಾನೂ ತುಂಬಬೇಕು. ದಿನಕ್ಕೆ 120 ಮಿಲಿಗ್ರಾಂ ನುಂಗಿದ ಹುಡುಗಿಯ ಮೈಗೆ ದಕ್ಕುವುದು ಸುಮಾರು 12 ಮಿಲಿಗ್ರಾಂ ಎನ್ನೋಣ. ಉಳಿದ 108 ಮಿಲಿಗ್ರಾಂ ಕರುಳಿನಲ್ಲಿಯೇ ಉಳಿದು ಮುಂದೆ ಸಾಗುತ್ತದೆ. ಈ ಎರಡು ಅಂಕಿಗಳನ್ನು ನೆನಪಿನಲ್ಲಿಟ್ಟರೆ ಮುಂದಿನ ಸಂಗತಿಗಳೆಲ್ಲ ಸುಲಭವಾಗಿ ಅರ್ಥವಾಗುತ್ತವೆ. ಹನ್ನೆರಡನ್ನು ಕುಗ್ಗಿಸುವುದು ಚಹ. ಅದನ್ನು ತುಸು ಹಿಗ್ಗಿಸುವುದು ಸಿ ಜೀವಸತ್ವ. ಹೊಟ್ಟೆಗೆ ತೊಂದರೆ ಕೊಡುವುದು ಉಳಿದ ನೂರೆಂಟು.

ಚಹಕ್ಕೂ ಕಬ್ಬಿಣಕ್ಕೂ ಇರುವ ನಂಟನ್ನು ಹಿಂದಿನವರು ಬೇರೊಂದು ಬಗೆಯಲ್ಲಿ ಬಲ್ಲವರಾಗಿದ್ದರು. ಅಳಲೆಕಾಯಿಯ ಕಷಾಯಕ್ಕೆ ಕಬ್ಬಿಣದ ಲವಣ ಸೇರಿದರೆ ಅದು ಕಪ್ಪಾಗುತ್ತದೆ. ಬರೆಯುವ ಮಸಿಯನ್ನೂ ಬಟ್ಟೆಗೆ ಹಾಕುವ ಕರಿಯ ಬಣ್ಣವನ್ನೂ ಹೀಗೆಯೇ ತಯಾರಿಸುತ್ತಿದ್ದರು. ಅಳಲೆಕಾಯಿಯ ಒಗರಿಗೆ ಕಾರಣವಾದುದು ಟ್ಯಾನಿನ್ ಎಂಬ ವಸ್ತು. ಚಹದ ಒಗರೂ ಅದೇ ಬಳಗಕ್ಕೆ ಸೇರಿದ ವಸ್ತುಗಳಿಂದ ಉಂಟಾಗುತ್ತದೆ. ಇದನ್ನು ತರಗತಿಯಲ್ಲಿಯೇ ನೋಡಬಹುದು. ಅವಧಿ ಮೀರಿದ ಒಂದು ಮಾತ್ರೆಯನ್ನು ಶಿಕ್ಷಕರು ತೊಳೆದು ಅದರ ಬಣ್ಣದ ಲೇಪವನ್ನು ತೆಗೆದು, ಪುಡಿಮಾಡಿ, ಸ್ವಲ್ಪ ನೀರಿನಲ್ಲಿ ಕದಡಬೇಕು. ಆ ನೀರನ್ನು ಹಾಲು ಹಾಕದ ಚಹದ ಲೋಟಕ್ಕೆ ಸುರಿದರೆ ಕೆಂಗಂದು ಬಣ್ಣದ ಚಹ ಸ್ವಲ್ಪ ಹೊತ್ತಿನಲ್ಲಿಯೇ ಮಸಿಯಂತೆ ಕಪ್ಪಾಗುತ್ತದೆ. ಆ ಕಪ್ಪು ಬಣ್ಣವೇ ಟ್ಯಾನಿನ್ನಿನ ಸೆರೆಗೆ ಸಿಕ್ಕಿದ ಕಬ್ಬಿಣ. ಕರುಳಿನ ಗೋಡೆ ಅದನ್ನು ಒಳಗೆ ಬಿಟ್ಟುಕೊಳ್ಳಲಾರದು. (ಈ ಲೋಟವನ್ನು ಪ್ರಯೋಗವಾದ ಕೂಡಲೆ ಚೆಲ್ಲಿಬಿಡಬೇಕೆಂದು ಬೇರೆ ಹೇಳಬೇಕಾಗಿಲ್ಲ.)

ಇದೇ ಲೋಟಕ್ಕೆ ನಿಂಬೆಯ ರಸವನ್ನು ಧಾರಾಳವಾಗಿ ಹಿಂಡಿದರೆ ಕಪ್ಪು ಬಣ್ಣ ತಿಳಿಯಾಗತೊಡಗುತ್ತದೆ. ಇದನ್ನು ಕಂಡವರಿಗೆ, ಚಹಕ್ಕೆ ನಿಂಬೆ ಹಿಂಡಿ ಕುಡಿದರೆ ದೋಷವಿಲ್ಲವೆಂದು ತೋರುವುದು ಸಹಜ. ಇಲ್ಲಿಯೇ ಅನೇಕರು ಎಡವುತ್ತಾರೆ. ಹುಳಿಯಿರುವಲ್ಲಿ ಟ್ಯಾನಿನ್ನಿನ ಹಿಡಿತ ಸಡಿಲವಾಗುವುದು ನಿಜ. ಆದರೆ ಆಹಾರ ಜಠರವನ್ನು ಬಿಟ್ಟು ಸಣ್ಣ ಕರುಳಿಗೆ ಬಂದೊಡನೆ ಅಲ್ಲಿಯ ಕ್ಷಾರರಸಗಳು ಹುಳಿಯನ್ನು ಅಡಗಿಸುತ್ತವೆ. ಟ್ಯಾನಿನ್ ಕಬ್ಬಿಣವನ್ನು ಮತ್ತೆ ಹಿಡಿಯುತ್ತದೆ. ಕಬ್ಬಿಣ ರಕ್ತಕ್ಕೆ ಸೇರಬೇಕಾದುದು ಸಣ್ಣ ಕರುಳಿನ ಈ ಮೊದಲ ಭಾಗದಲ್ಲಿಯೇ. ದಕ್ಷಿಣ ಆಫ್ರಿಕದ ಸಂಶೋಧಕರು 1975ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಆಹಾರದೊಡನೆ ಚಹ ಕುಡಿದವರ ಮೈಗೆ ಸೇರಿದ ಕಬ್ಬಿಣ ಸುಮಾರು ಮೂರರಲ್ಲಿ ಒಂದು ಪಾಲಿಗೆ ಇಳಿದಿತ್ತು. ಸಿ ಜೀವಸತ್ವವನ್ನು ಸೇರಿಸಿದಾಗಲೂ ಚಹದ ಕಾಟ ತಪ್ಪಲಿಲ್ಲ. ಕಾಫಿಯೂ ಇದಕ್ಕೆ ಹೊರತಲ್ಲ. 2023ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ, ಕಬ್ಬಿಣದ ಕೊರತೆಯಿದ್ದ ಮಹಿಳೆಯರು ಮಾತ್ರೆಯನ್ನು ಕಾಫಿಯೊಡನೆ ಸೇವಿಸಿದಾಗ ಮೈಗೆ ಸೇರುವ ಕಬ್ಬಿಣ ಅರ್ಧಕ್ಕಿಂತಲೂ ಕಡಿಮೆಯಾಯಿತು.

ಹಾಗೆಂದು ಚಹವನ್ನು ಬಿಟ್ಟೇಬಿಡಬೇಕೆಂದು ಹೇಳುವುದು ವ್ಯರ್ಥ. ಹೇಳಿದರೂ ಕೇಳುವವರು ಕಡಿಮೆ. ಬೇಕಾದುದು ಕಾಲದ ಅಂತರ. ಮಾತ್ರೆಗೆ ಮೊದಲು ಒಂದು ಗಂಟೆ, ಅನಂತರ ಎರಡು ಗಂಟೆ ಚಹ ಕಾಫಿಗಳನ್ನು ದೂರವಿಟ್ಟರೆ ಸಾಕು. ಹಾಲಿಗೂ, ಸುಣ್ಣದ ಅಂಶವುಳ್ಳ ಕ್ಯಾಲ್ಸಿಯಂ ಮಾತ್ರೆಗೂ, ಎದೆಯುರಿಗೆ ನುಂಗುವ ಮಾತ್ರೆಗೂ ಇದೇ ನಿಯಮ ಸಲ್ಲುತ್ತದೆ. ಗರ್ಭಿಣಿಯರು ಕಬ್ಬಿಣದ ಮಾತ್ರೆಯನ್ನೂ ಕ್ಯಾಲ್ಸಿಯಂ ಮಾತ್ರೆಯನ್ನೂ ಒಂದೇ ಗುಟುಕಿಗೆ ನುಂಗಿ ಕೈತೊಳೆದುಕೊಳ್ಳುವುದುಂಟು. ಅವೆರಡನ್ನೂ ದಿನದ ಬೇರೆ ಬೇರೆ ಹೊತ್ತಿಗೆ ಇಡಬೇಕು.

ಇನ್ನು ಸಿ ಜೀವಸತ್ವದ ಕೆಲಸ. ಕಬ್ಬಿಣಕ್ಕೆ ಎರಡು ರೂಪಗಳುಂಟು: ಫೆರಸ್ ಮತ್ತು ಫೆರಿಕ್. ಕರುಳಿನ ಬಾಗಿಲು ಫೆರಸ್ ರೂಪಕ್ಕೆ ಮಾತ್ರ ತೆರೆಯುತ್ತದೆ. ಸಿ ಜೀವಸತ್ವ ಫೆರಿಕ್ ಕಬ್ಬಿಣವನ್ನು ಫೆರಸ್ ಆಗಿ ಮಾರ್ಪಡಿಸುತ್ತದೆ. ಕರುಳಿನ ಕ್ಷಾರದಲ್ಲಿ ಕಬ್ಬಿಣ ಗಸಿಯಾಗಿ ಕುಳಿತುಬಿಡದಂತೆ ಕರಗಿದ ಸ್ಥಿತಿಯಲ್ಲಿಯೇ ಇರಿಸುತ್ತದೆ. ಸೊಪ್ಪು, ಕಾಳು, ರಾಗಿಗಳಲ್ಲಿರುವ ಕಬ್ಬಿಣಕ್ಕೆ ಈ ನೆರವು ಬಹಳ ಬೇಕು. ಮಾತ್ರೆಯಲ್ಲಿರುವುದು ಸಾಮಾನ್ಯವಾಗಿ ಫೆರಸ್ ರೂಪವೇ ಆದುದರಿಂದ ಅಲ್ಲಿ ಲಾಭ ಸ್ವಲ್ಪ ಕಡಿಮೆ. ಮೇಲೆ ಹೇಳಿದ 2023ರ ಪ್ರಯೋಗದಲ್ಲಿಯೇ, ಮಾತ್ರೆಯೊಡನೆ 80 ಮಿಲಿಗ್ರಾಂ ಸಿ ಜೀವಸತ್ವ ಕೊಟ್ಟಾಗ ಮೈಗೆ ಸೇರಿದ ಕಬ್ಬಿಣ ನೂರಕ್ಕೆ ಮೂವತ್ತರಷ್ಟು ಹೆಚ್ಚಿತು. ಅದನ್ನು 500 ಮಿಲಿಗ್ರಾಮಿಗೆ ಏರಿಸಿದಾಗ ಮತ್ತೇನೂ ಹೆಚ್ಚಲಿಲ್ಲ. ಚೀನದ ಶಾಂಘೈ ನಗರದಲ್ಲಿ 440 ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಬ್ಬಿಣದ ಮಾತ್ರೆಯನ್ನು ಮಾತ್ರ ನುಂಗಿದವರಿಗೂ ಅದರೊಡನೆ ಸಿ ಜೀವಸತ್ವದ ಮಾತ್ರೆಯನ್ನೂ ನುಂಗಿದವರಿಗೂ ಹಿಮೋಗ್ಲೋಬಿನ್ನಿನ ಏರಿಕೆಯಲ್ಲಿ ಗಣನೀಯವಾದ ವ್ಯತ್ಯಾಸ ಕಾಣಲಿಲ್ಲ. ಆದುದರಿಂದ ಹಣ ಕೊಟ್ಟು ಸಿ ಜೀವಸತ್ವದ ಮಾತ್ರೆಯನ್ನು ಬೇರೆಯಾಗಿ ಕೊಳ್ಳುವ ಅಗತ್ಯವಿಲ್ಲ. ಸಿ ಜೀವಸತ್ವ ಒಳ್ಳೆಯ ಜೊತೆಗಾರ. ಆದರೆ ಚಹವನ್ನು ದೂರವಿಡುವ ಕೆಲಸಕ್ಕೆ ಅದು ಬದಲಿಯಾಗಲಾರದು.

80 ಮಿಲಿಗ್ರಾಂ ಎಂದರೆ ಎಷ್ಟು? ಅರ್ಧ ಸೀಬೆಹಣ್ಣು, ಅಥವಾ ದೊಡ್ಡದಾದ ಒಂದು ಬೆಟ್ಟದ ನೆಲ್ಲಿಕಾಯಿ. ಉತ್ತರ ಕರ್ನಾಟಕದವರು ಪೇರಲ ಎಂದು ಕರೆಯುವ ಸೀಬೆ ಈ ವಿಷಯದಲ್ಲಿ ಕಿತ್ತಳೆಯನ್ನೂ ಮೀರಿಸುತ್ತದೆ. ನಿಂಬೆಹಣ್ಣಿಗೆ ಬಹಳ ಹೆಸರಿದ್ದರೂ ಒಂದು ನಿಂಬೆಯ ರಸದಲ್ಲಿ ಇದರ ಕಾಲು ಭಾಗದಷ್ಟೇ ಇರಬಹುದು. ಆದರೂ ಬೇರೆ ಹಣ್ಣುಗಳಿಲ್ಲದಾಗ ಅದು ಉಪಯುಕ್ತ. ಸಿ ಜೀವಸತ್ವ ಕಾವಿಗೆ ಬೇಗ ಕೆಡುವಂಥದು. ಚಿತ್ರಾನ್ನಕ್ಕಾಗಲಿ ಸಾರಿಗಾಗಲಿ ನಿಂಬೆಯನ್ನು ಒಲೆಯಿಂದ ಇಳಿಸಿದ ಮೇಲೆ ಹಿಂಡುವ ವಾಡಿಕೆ ರುಚಿಗಾಗಿ ಬಂದುದಾದರೂ ಈ ದೃಷ್ಟಿಯಿಂದಲೂ ಸರಿಯಾದುದು.

ಇಷ್ಟೆಲ್ಲವನ್ನು ತಿಳಿದವರೂ ಮಾತ್ರೆಯನ್ನು ನಡುವೆಯೇ ಬಿಟ್ಟುಬಿಡುವುದುಂಟು. ಧಾರವಾಡದ ಕಡೆಯ ಹಳ್ಳಿಯೊಂದರ ಹುಡುಗಿಯನ್ನು ನಿದರ್ಶನಕ್ಕಾಗಿ ಕಲ್ಪಿಸಿಕೊಳ್ಳಬಹುದು. ಅವಳ ಹಿಮೋಗ್ಲೋಬಿನ್ ನಾವು ಮೇಲೆ ಲೆಕ್ಕ ಹಾಕಿದಂತೆಯೇ 9.6. ಮೆಟ್ಟಿಲು ಹತ್ತಿದರೆ ಏದುಸಿರು, ಪಾಠದ ನಡುವೆ ತೂಕಡಿಕೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಂದು ತಿಂಗಳಿಗೆ ಅರವತ್ತು ಮಾತ್ರೆಗಳನ್ನು ಕೊಟ್ಟರು. ಅವಳು ಬೆಳಿಗ್ಗೆ ಏಳು ಗಂಟೆಗೆ ಎರಡನ್ನೂ ಚಹದೊಡನೆ ನುಂಗತೊಡಗಿದಳು. ಆ ಹೊತ್ತಿಗೆ ಕೈಯಲ್ಲಿ ಚಹದ ಲೋಟ ಹೇಗೂ ಇರುತ್ತಿತ್ತು. ಎರಡು ದಿನಗಳಲ್ಲಿ ಮಲದ ಬಣ್ಣ ಕಪ್ಪಾಯಿತು. ಹತ್ತು ದಿನಗಳಾಗುವಷ್ಟರಲ್ಲಿ ಹೊಟ್ಟೆ ಕಟ್ಟಿಕೊಂಡಿತು. ಮೂರು ದಿನಕ್ಕೊಮ್ಮೆ ಮಲವಿಸರ್ಜನೆ. ಅದೂ ಗಟ್ಟಿಯಾಗಿ, ನೋವಿನಿಂದ ಕೂಡಿರುತ್ತಿತ್ತು. ‘ಈ ಗುಳಿಗೆ ಭಾರಿ ಉಷ್ಣ, ಇನ್ನು ಬೇಡ’ ಎಂದು ಮನೆಯ ಹಿರಿಯಜ್ಜಿ ತೀರ್ಪಿತ್ತಳು. ಹುಡುಗಿ ಉಳಿದ ಮಾತ್ರೆಗಳನ್ನು ಪಾಟಿಚೀಲದ ತಳಕ್ಕೆ ಸೇರಿಸಿದಳು.

ತಿಂಗಳ ಕೊನೆಯಲ್ಲಿ ಹಿಮೋಗ್ಲೋಬಿನ್ 9.8 ಇತ್ತು. ಮಾತ್ರೆ ಸರಿಯಾಗಿ ಮೈಗೆ ಸೇರುತ್ತಿದ್ದರೆ ತಿಂಗಳಿಗೆ ಸುಮಾರು ಒಂದು ಗ್ರಾಮಿನಷ್ಟು ಏರಬೇಕು. ಏರದಿದ್ದರೆ ಮಾತ್ರೆ ಹೊಟ್ಟೆಗೆ ಹೋಗಿಲ್ಲ, ಅಥವಾ ಹೊಟ್ಟೆಗೆ ಹೋದರೂ ರಕ್ತಕ್ಕೆ ಸೇರಿಲ್ಲ, ಅಥವಾ ರಕ್ತಹೀನತೆಗೆ ಕಾರಣ ಬೇರೆಯೇ ಇದೆ ಎಂದು ತಿಳಿಯಬೇಕು. ಕೊಕ್ಕೆಹುಳುವಿನ ಕಾಟ, ಹೆಚ್ಚಾದ ರಕ್ತಸ್ರಾವ, ಹುಟ್ಟಿನಿಂದಲೇ ಬರುವ ತಲಸ್ಸೀಮಿಯ ಮೊದಲಾದ ರಕ್ತದೋಷಗಳು ಇಂತಹ ಕಾರಣಗಳು. ಅನುಭವಿಯಾದ ಶುಶ್ರೂಷಕಿ ಗದರಿಸಲಿಲ್ಲ.

‘ಎಷ್ಟು ಗುಳಿಗೆ ಉಳಿದಿವೆಯವ್ವಾ?’ ಎಂದು ಕೇಳಿದಳು.

‘ನಲವತ್ತು, ಸಿಸ್ಟರ್’ ಎಂದು ಹುಡುಗಿ ತಲೆ ತಗ್ಗಿಸಿದಳು. ‘ಹೊಟ್ಟೆ ಕಲ್ಲಿನ ಹಾಗೆ ಆಗುತ್ತಿತ್ತು.’

‘ಶಾಲೆಯಲ್ಲಿ ನೀರು ಕುಡಿಯುವೆಯೇನು?’

ಹುಡುಗಿ ಸುಮ್ಮನಿದ್ದಳು. ಶಾಲೆಯ ಶೌಚಾಲಯಕ್ಕೆ ಹೋಗಲು ಹಿಂಜರಿದು ಅವಳು ಬೆಳಿಗ್ಗೆಯಿಂದ ಸಂಜೆಯವರೆಗೆ ನೀರನ್ನೇ ಮುಟ್ಟುತ್ತಿರಲಿಲ್ಲ. ರೋಗದ ಅರ್ಧ ಗುಟ್ಟು ಇಲ್ಲಿತ್ತು.

ಕರುಳಿನಲ್ಲಿ ಉಳಿಯುವ ನೂರೆಂಟು ಮಿಲಿಗ್ರಾಂ ಕಬ್ಬಿಣ ಸುಮ್ಮನೆ ಸಾಗಿಹೋಗುವುದಿಲ್ಲ. ಅದು ಕರುಳಿನ ಒಳಪದರವನ್ನು ಕೆರಳಿಸುತ್ತದೆ. ಅಲ್ಲಿ ನೆಲೆಸಿರುವ ಸೂಕ್ಷ್ಮಜೀವಿಗಳ ಹೊಂದಾಣಿಕೆಯನ್ನು ಕೆಡಿಸುತ್ತದೆ. ಇದರಿಂದ ಕೆಲವರಿಗೆ ಓಕರಿಕೆ, ಕೆಲವರಿಗೆ ಭೇದಿ, ಬಹಳ ಜನಕ್ಕೆ ಮಲಬದ್ಧತೆ ಉಂಟಾಗುತ್ತದೆ. ಮಲ ಕರುಳಿನಲ್ಲಿ ನಿಧಾನವಾಗಿ ಸಾಗಿದಷ್ಟೂ ದೊಡ್ಡ ಕರುಳು ಅದರ ನೀರನ್ನು ಹೀರುತ್ತದೆ. ನೀರು ಕಡಿಮೆ ಕುಡಿಯುವವರಲ್ಲಿ ಅದು ಇನ್ನಷ್ಟು ಗಟ್ಟಿಯಾಗುತ್ತದೆ. ಸಿ ಜೀವಸತ್ವದಿಂದ ಮಲಬದ್ಧತೆಯೂ ನೀಗುವುದೆಂದು ಕೆಲವರು ಭಾವಿಸುತ್ತಾರೆ. ಲೆಕ್ಕ ಹಾಗೆ ಹೇಳುವುದಿಲ್ಲ. ಮೈಗೆ ಸೇರುವ 12 ಮಿಲಿಗ್ರಾಂ 16ಕ್ಕೆ ಏರಿದರೆ ಕರುಳಿನಲ್ಲಿ ಉಳಿಯುವುದು 108ರ ಬದಲು 104. ರಕ್ತಕ್ಕೆ ಇದು ದೊಡ್ಡ ಲಾಭ. ಹೊಟ್ಟೆಗೆ ಅಂಥ ವ್ಯತ್ಯಾಸವೇನೂ ಇಲ್ಲ. ಮಲಬದ್ಧತೆಗೆ ಪರಿಹಾರವನ್ನು ಬೇರೆಯಾಗಿಯೇ ಹುಡುಕಬೇಕು.

ಕಪ್ಪು ಬಣ್ಣದ ವಿಷಯದಲ್ಲಿ ಹೆದರುವ ಕಾರಣವಿಲ್ಲ. ಅದು ಉಳಿದ ಕಬ್ಬಿಣದ ಬಣ್ಣ ಅಷ್ಟೆ. ಮಲ ಡಾಂಬರಿನಂತೆ ಅಂಟಂಟಾಗಿ, ವಿಪರೀತ ದುರ್ವಾಸನೆಯಿಂದ ಕೂಡಿದ್ದು, ಜೊತೆಗೆ ತಲೆಸುತ್ತೋ ಹೊಟ್ಟೆನೋವೋ ಇದ್ದರೆ ಮಾತ್ರ ಅದು ಒಳಗಿನ ರಕ್ತಸ್ರಾವದ ಗುರುತಾಗಿರಬಹುದು. ಆಗ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು.

ಆ ಹುಡುಗಿಯ ದಿನಚರಿಯಲ್ಲಿ ಮಾಡಿದ ಬದಲಾವಣೆಗಳು ಬಹಳ ಸಣ್ಣವು. ಏಳು ಗಂಟೆಯ ಚಹ ಹಾಗೆಯೇ ಉಳಿಯಿತು. ಮಾತ್ರೆ ಮಾತ್ರ ಮಧ್ಯಾಹ್ನದ ಊಟದ ಅನಂತರಕ್ಕೆ ಸರಿಯಿತು. ಬರಿಯ ಹೊಟ್ಟೆಯಲ್ಲಿ ನುಂಗಿದರೆ ಕಬ್ಬಿಣ ಇನ್ನೂ ಚೆನ್ನಾಗಿ ಸೇರುವುದು ನಿಜ, ಆದರೆ ಓಕರಿಕೆಯಿಂದ ಮಾತ್ರೆಯನ್ನೇ ಬಿಟ್ಟುಬಿಟ್ಟರೆ ಆ ಲಾಭ ಯಾರಿಗೆ? ಊಟದ ಮೇಲೆ ಅರ್ಧ ಪೇರಲ ಹಣ್ಣು. ಸಂಜೆಯ ಚಹ ಐದು ಗಂಟೆಗೆ. ನಡುವೆ ಮೂರು ಗಂಟೆಗೂ ಹೆಚ್ಚಿನ ಅಂತರ ದೊರೆಯಿತು. ವೈದ್ಯರು ಮೊದಲ ಒಂದು ವಾರ ದಿನಕ್ಕೆ ಒಂದೇ ಮಾತ್ರೆ ಸಾಕೆಂದೂ, ಹೊಟ್ಟೆ ಹೊಂದಿಕೊಂಡ ಮೇಲೆ ಎರಡಕ್ಕೆ ಏರಿಸಬೇಕೆಂದೂ ಹೇಳಿದರು. ಹೊಟ್ಟೆ ತೀರ ಒಗ್ಗದವರಿಗೆ ದಿನ ಬಿಟ್ಟು ದಿನ ಕೊಡುವುದೂ ಉಂಟು. ಒಮ್ಮೆ ಹೆಚ್ಚು ಕಬ್ಬಿಣ ಒಳಗೆ ಬಂದರೆ ಕರುಳು ಸುಮಾರು ಒಂದು ದಿನ ತನ್ನ ಬಾಗಿಲನ್ನು ಅರೆಮುಚ್ಚುವುದರಿಂದ, ಹಾಗೆ ಬಿಡುವು ಕೊಟ್ಟಾಗ ಪ್ರತಿ ಮಾತ್ರೆಯಿಂದಲೂ ಹೆಚ್ಚು ಪಾಲು ಸೇರುತ್ತದೆ. ಆದರೆ ಇಂತಹ ಬದಲಾವಣೆಯನ್ನು ವೈದ್ಯರೇ ಮಾಡಬೇಕು.

ಹೊಟ್ಟೆಯ ವಿಷಯದಲ್ಲಿ ಶುಶ್ರೂಷಕಿ ಹೇಳಿದುದು ಮೂರೇ ಮಾತು. ಎದ್ದೊಡನೆ ಎರಡು ಲೋಟ ನೀರು ಕುಡಿಯುವುದು, ಶಾಲೆಗೆ ಒಂದು ಸೀಸೆ ನೀರು ಒಯ್ದು ಅದನ್ನು ಬರಿದು ಮಾಡಿ ತರುವುದು. ರೊಟ್ಟಿಯೊಡನೆ ಪ್ರತಿದಿನವೂ ಸೊಪ್ಪಿನ ಪಲ್ಯ ಅಥವಾ ಹೆಸರುಕಾಳು ತಿನ್ನುವುದು. ಬೆಳಗಿನ ತಿಂಡಿಯಾದ ಮೇಲೆ ಹತ್ತು ನಿಮಿಷ ಶೌಚಕ್ಕೆಂದೇ ಮೀಸಲಿಡುವುದು. ಈ ಕೊನೆಯ ಮಾತಿಗೆ ಕಾರಣವುಂಟು. ಜಠರಕ್ಕೆ ಆಹಾರ ಬಿದ್ದೊಡನೆ ದೊಡ್ಡ ಕರುಳಿನಲ್ಲಿ ಚಲನೆ ಉಂಟಾಗುತ್ತದೆ. ಶಾಲೆಗೆ ಹೊರಡುವ ಆತುರದಲ್ಲಿ ಆ ಒತ್ತಡವನ್ನು ದಿನವೂ ತಡೆಯುತ್ತ ಬಂದರೆ ಕ್ರಮೇಣ ಕರೆಯೇ ಮಂದವಾಗುತ್ತದೆ. ಪೇರಲ ಹಣ್ಣು ಇಲ್ಲಿ ಎರಡು ಬಗೆಯಲ್ಲಿ ಒದಗಿತು: ಸಿ ಜೀವಸತ್ವದೊಡನೆ ಅದರಲ್ಲಿ ನಾರೂ ಹೇರಳವಾಗಿದೆ. ಇಷ್ಟರಿಂದಲೂ ಗುಣವಾಗದಿದ್ದರೆ ಇಸಬಗೋಲನ್ನು ಒಂದು ದೊಡ್ಡ ಲೋಟ ನೀರಿನಲ್ಲಿ ಕದಡಿ ರಾತ್ರಿ ಕುಡಿಯಬಹುದು. ನೀರು ಸಾಲದಿದ್ದರೆ ಅದೇ ಉಬ್ಬಿ ಕಟ್ಟಿಕೊಳ್ಳುವುದುಂಟು. ಮಾತ್ರೆಗೂ ಅದಕ್ಕೂ ಎರಡು ಗಂಟೆಯಾದರೂ ಅಂತರವಿರಬೇಕು. ಹಿರಿಯರು ಸೂಚಿಸುವ ಹರಳೆಣ್ಣೆಯ ಭೇದಿ ಇದಕ್ಕೆ ತಕ್ಕ ಮದ್ದಲ್ಲ. ಗರ್ಭಿಣಿಯರಂತೂ ಅದರ ಬಳಿಗೇ ಹೋಗಬಾರದು.

ಮಾತ್ರೆಗಳನ್ನು ಇಡುವ ಜಾಗದ ವಿಷಯದಲ್ಲಿ ಶುಶ್ರೂಷಕಿ ಸ್ವಲ್ಪ ಕಟುವಾಗಿಯೇ ಮಾತನಾಡಿದಳು. ಪಾಟಿಚೀಲದ ತಳದಲ್ಲಿದ್ದ ನಲವತ್ತು ಮಾತ್ರೆಗಳು ಮನೆಯಲ್ಲಿದ್ದ ಎರಡು ವರ್ಷದ ತಮ್ಮನ ಕೈಗೆ ಸಿಕ್ಕಿದ್ದರೆ! ಸಕ್ಕರೆಯ ಲೇಪದ ಬಣ್ಣದ ಮಾತ್ರೆಯನ್ನು ಮಕ್ಕಳು ಮಿಠಾಯಿಯೆಂದೇ ತಿಳಿಯುತ್ತವೆ. ಕೆಲವೇ ಮಾತ್ರೆಗಳು ಎಳೆಯ ಮಗುವಿನ ಪ್ರಾಣಕ್ಕೆ ಎರವಾಗಬಲ್ಲವು. ಮಗು ನುಂಗಿರಬಹುದೆಂಬ ಅನುಮಾನ ಬಂದರೂ ಸಾಕು, ವಾಂತಿಯಾಗಲಿ ಎಂದು ಕಾಯದೆ ಆಸ್ಪತ್ರೆಗೆ ಒಯ್ಯಬೇಕು.

ಎರಡು ವಾರಗಳಲ್ಲಿ ಹುಡುಗಿಯ ಹೊಟ್ಟೆ ಹಗುರವಾಯಿತು. ಹೊಸ ಕ್ರಮದ ಮೊದಲ ತಿಂಗಳ ಕೊನೆಗೆ ಹಿಮೋಗ್ಲೋಬಿನ್ 10.7, ಎರಡನೆಯದಕ್ಕೆ 11.6, ಮೂರನೆಯದಕ್ಕೆ 12.2. ಅಂದಿಗೆ ದಿನನಿತ್ಯದ ಮಾತ್ರೆ ಮುಗಿಯಿತು. ಸೋಮವಾರದ ನೀಲಿ ಮಾತ್ರೆ ಮಾತ್ರ ಮತ್ತೆ ಆರಂಭವಾಯಿತು. ವಾರಕ್ಕೊಂದೇ ಆದುದರಿಂದ ಅದು ಹೊಟ್ಟೆಯನ್ನು ಕಾಡಲಿಲ್ಲ. ಶಾಲೆಯಿಂದ ಮನೆಗೆ ಹೋದ ಮೇಲೆ ಅಜ್ಜಿ ಐದು ಗಂಟೆಗೆ ಚಹ ಕಾಸಿ ಕೊಡುತ್ತಿದ್ದಳು, ಮೊದಲಿನಂತೆಯೇ.